ಫ್ಯಾಮಿಲಿ ಪ್ಲಾನ್ ಡೇಟಾ ತಿಂಗಳ ಮಧ್ಯಕ್ಕೇ ಖಾಲಿನಾ? ಯಾರು ಎಷ್ಟು ಬಳಸಿದ್ರು ನೋಡಿ, ಮಿತಿ ಹಾಕೋದು ಹೀಗೆ

ಬಳ್ಳಾರಿ: ಒಂದೇ ಬಿಲ್, ನಾಲ್ಕು ಸಿಮ್, ಎಲ್ಲರಿಗೂ ಸೇರಿ ಒಂದೇ ಡೇಟಾ. ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಅಂದ್ರೆ ಇಷ್ಟೇ. ಹಂಚಿಕೊಂಡು ಬಳಸಿದರೆ ಖರ್ಚು ಉಳಿಯುತ್ತದೆ. ಆದರೆ ಮನೆಯಲ್ಲಿ ಒಬ್ಬರು ಕೈ ಬಿಚ್ಚಿ ಬಳಸಿದರೆ ಉಳಿದ ಮೂವರಿಗೂ ತೊಂದರೆ. ಬಿಲ್ ಮಾತ್ರ ಮುಖ್ಯ ಸಿಮ್ ಯಾರ ಹೆಸರಿನಲ್ಲಿದೆಯೋ ಅವರಿಗೇ ಬರುತ್ತದೆ.

ಡೇಟಾ ಮುಗಿದ ಮೇಲೆ ಏನಾಗುತ್ತದೆ ಎಂಬುದು ಪ್ಲಾನ್ ಮೇಲೆ ಹೋಗುತ್ತದೆ. ಕೆಲವು ಪ್ಲಾನ್‌ಗಳಲ್ಲಿ ವೇಗ ತೀರಾ ಇಳಿದು, ಅಂಗಡಿಯಲ್ಲಿ ಗಿರಾಕಿ ದುಡ್ಡು ಹಾಕಿದರೂ ಮೊಬೈಲ್‌ನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಇನ್ನು ಕೆಲವುಗಳಲ್ಲಿ ವೇಗ ಹಾಗೇ ಇರುತ್ತದೆ, ಆದರೆ ಪ್ರತಿ ಜಿಬಿಗೆ ಇಷ್ಟು ಎಂದು ಬಿಲ್ ಏರುತ್ತದೆ. ನಿಮ್ಮದು ಯಾವ ತರಹದ್ದು ಎಂದು ಮೊದಲೇ ತಿಳಿದಿರಲಿ. ಎಲ್ಲಾ ಫ್ಯಾಮಿಲಿ ಪ್ಲಾನ್‌ಗಳಲ್ಲೂ ಡೇಟಾ ಒಂದೇ ಗಂಟಿನಲ್ಲಿ ಇರುವುದಿಲ್ಲ. ಕೆಲವು ಪ್ಲಾನ್‌ಗಳು ಪ್ರತಿ ಸಿಮ್‌ಗೂ ಬೇರೆ ಬೇರೆ ಪಾಲು ಕೊಡುತ್ತವೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಂದು ಕುಟುಂಬ ತೆಗೆದುಕೊಳ್ಳಿ. ಅಪ್ಪನಿಗೆ ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ, ಮುಖ್ಯ ಸಿಮ್ ಅವರದೇ. ಮಗ ಬಳ್ಳಾರಿಯಲ್ಲೇ ಕಾಲೇಜು. ಚಿಕ್ಕಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಜ್ಜಿ ಇರುವುದು ಕುರುಗೋಡಿನಲ್ಲಿ. ಮುಖ್ಯ ಸಿಮ್‌ಗೆ 75 ಜಿಬಿ, ಉಳಿದ ಮೂರು ಸಿಮ್‌ಗೆ ತಲಾ 5 ಜಿಬಿ, ಒಟ್ಟು 90 ಜಿಬಿ ಎಂದುಕೊಳ್ಳೋಣ. ಮೀರಿದರೆ ಜಿಬಿಗೆ 10 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ.

ಬಿಲ್ ತಿಂಗಳು ಶುರುವಾಗಿ 18ನೇ ದಿನ ಅಪ್ಪನ ಮೊಬೈಲ್‌ಗೆ 'ಶೇ 90 ಡೇಟಾ ಮುಗಿದಿದೆ' ಎಂಬ ಮೆಸೇಜ್ ಬರುತ್ತದೆ. ಡೇಟಾ ಮಿತಿಯ ಶೇ 50, 90 ಮತ್ತು 100 ತಲುಪಿದಾಗ ಗ್ರಾಹಕರಿಗೆ ತಿಳಿಸಬೇಕು ಎಂಬುದು ಟ್ರಾಯ್ ನಿಯಮ. ಜಾಹೀರಾತು ಎಂದುಕೊಂಡು ಈ ಮೆಸೇಜ್ ಅಳಿಸಬೇಡಿ. ಶೇ 50ರ ಮೆಸೇಜ್ 15ನೇ ದಿನಕ್ಕಿಂತ ಮೊದಲೇ ಬಂದರೆ ತಿಂಗಳು ದಾಟುವುದಿಲ್ಲ ಎಂದೇ ಅರ್ಥ.

ಕಂಪನಿಯ ಆ್ಯಪ್ ತೆರೆದು ಸದಸ್ಯರ ಬಳಕೆ ನೋಡಿದರೆ ಅಪ್ಪ 7, ಚಿಕ್ಕಪ್ಪ 13, ಅಜ್ಜಿ 9, ಮಗ 52 ಜಿಬಿ. ಒಟ್ಟು 81. ದಿನಕ್ಕೆ ನಾಲ್ಕೂವರೆ ಜಿಬಿ ಹೋಗುತ್ತಿದೆ. ಉಳಿದ 9 ಜಿಬಿ ಎರಡೇ ದಿನಕ್ಕೆ ಮುಗಿಯುತ್ತದೆ. ಆಮೇಲಿನ ಹತ್ತು ದಿನವೂ ಹೀಗೇ ನಡೆದರೆ 45 ಜಿಬಿ ಹೆಚ್ಚುವರಿ, ಅಂದರೆ ಜಿಎಸ್‌ಟಿ ಸೇರಿ 531 ರೂಪಾಯಿ.

ಬೈಯುವ ಮೊದಲು ಮೊಬೈಲ್ ನೋಡಿ

ಮಗನನ್ನು ಕೇಳಿದರೆ "ನಾ ಬರೇ ರೀಲ್ಸ್ ನೋಡೀನಿ, ಅಷ್ಟೇ" ಅಂತಾನೆ. ಸುಳ್ಳೇ ಹೇಳುತ್ತಿರಬೇಕೆಂದಿಲ್ಲ, ಅವನಿಗೂ ಗೊತ್ತಿರಲಿಕ್ಕಿಲ್ಲ. ಅವನ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ Data usage ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ಈ ಉದಾಹರಣೆಯಲ್ಲಿ ಯೂಟ್ಯೂಬ್ 21, ಇನ್‌ಸ್ಟಾಗ್ರಾಂ 17, ಹಾಟ್‌ಸ್ಪಾಟ್ 9, ಉಳಿದದ್ದೆಲ್ಲ ಸೇರಿ 5 ಜಿಬಿ. ಹಾಟ್‌ಸ್ಪಾಟ್ ಅಂದರೆ ಗೆಳೆಯನ ಲ್ಯಾಪ್‌ಟಾಪ್. ಲ್ಯಾಪ್‌ಟಾಪ್ ಅದನ್ನು ವೈಫೈ ಎಂದೇ ತಿಳಿದು ದೊಡ್ಡ ಅಪ್‌ಡೇಟ್‌ಗಳನ್ನೂ ಎಳೆದುಕೊಳ್ಳುತ್ತದೆ. ಹಾಟ್‌ಸ್ಪಾಟ್ ಪಾಸ್‌ವರ್ಡ್ ಬದಲಿಸಿದರೆ ಈ ಸೋರಿಕೆ ಅವತ್ತೇ ನಿಲ್ಲುತ್ತದೆ.

ಯೂಟ್ಯೂಬ್‌ನಲ್ಲಿ ವಿಡಿಯೊ ಗುಣಮಟ್ಟವೇ ಮುಖ್ಯ. 480p ಇಟ್ಟರೆ ಗಂಟೆಗೆ ಸುಮಾರು ಅರ್ಧ ಜಿಬಿ, 1080p ಇಟ್ಟರೆ ಅದರ ಮೂರು ಪಟ್ಟು. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ Data saver ಆರಿಸಿ. ಅಜ್ಜಿಯ ಮೊಬೈಲ್‌ನಲ್ಲಿ ವಾಟ್ಸ್ಆ್ಯಪ್ ಗುಂಪುಗಳ ವಿಡಿಯೊ ತಾನೇ ಇಳಿಯುತ್ತಿದ್ದರೆ Storage and data ಒಳಗೆ ಹೋಗಿ When using mobile data ಎಂಬಲ್ಲಿ ಟಿಕ್ ತೆಗೆಯಿರಿ.

ಮಿತಿ ಹಾಕುವಾಗ ಆಗುವ ತಪ್ಪು

ಕಂಪನಿಯ ಆ್ಯಪ್‌ನಲ್ಲೇ ಸದಸ್ಯರಿಗೆ ಮಿತಿ ಹಾಕುವ ಅವಕಾಶವಿದ್ದರೆ ಅದೇ ಒಳ್ಳೆಯದು. ಮುಖ್ಯ ಸಿಮ್‌ನವರೇ ಹಾಕಬಹುದು, ಮಗ ತೆಗೆಯಲು ಬರುವುದಿಲ್ಲ. ಇಲ್ಲದಿದ್ದರೆ ಅವನ ಆಂಡ್ರಾಯ್ಡ್ ಮೊಬೈಲ್‌ನಲ್ಲೇ ಹಾಕಬೇಕು. ಸೆಟ್ಟಿಂಗ್ಸ್ ಹುಡುಕುವ ಜಾಗದಲ್ಲಿ data limit ಎಂದು ಟೈಪ್ ಮಾಡಿದರೆ ಆಯ್ಕೆ ಸಿಗುತ್ತದೆ. ಎರಡು ಸಿಮ್ ಇದ್ದರೆ ಫ್ಯಾಮಿಲಿ ಪ್ಲಾನ್ ಸಿಮ್ ಅನ್ನೇ ಆರಿಸಿ.

ಮೊದಲು Billing cycle ದಿನಾಂಕವನ್ನು ನಿಮ್ಮ ಬಿಲ್ ದಿನಾಂಕಕ್ಕೆ ಹೊಂದಿಸಿ. ಇಲ್ಲವಾದರೆ ಮೊಬೈಲ್ 1ನೇ ತಾರೀಖಿನಿಂದ ಎಣಿಸುತ್ತದೆ, ಕಂಪನಿ ಬೇರೆ ದಿನದಿಂದ ಎಣಿಸುತ್ತದೆ. ಎರಡನೆಯದು, ಮಗನಿಗೆ ಉಳಿದ 12 ದಿನಕ್ಕೆ ದಿನಕ್ಕೆ ಅರ್ಧ ಜಿಬಿಯಂತೆ 6 ಜಿಬಿ ಕೊಡಬೇಕಿದ್ದರೆ ಮಿತಿ 6 ಎಂದು ಹಾಕಬಾರದು. ಆಗಲೇ 52 ಆಗಿರುವುದರಿಂದ ಡೇಟಾ ಅಲ್ಲೇ ನಿಂತುಬಿಡುತ್ತದೆ. 52ಕ್ಕೆ 6 ಕೂಡಿಸಿ 58 ಹಾಕಬೇಕು. ಮುಂದಿನ ತಿಂಗಳು ಶುರುವಾದ ಕೂಡಲೇ ಇದನ್ನು 40ಕ್ಕೆ ಇಳಿಸಿ.

ಮೊಬೈಲ್ ಎಣಿಕೆಗೂ ಕಂಪನಿ ಎಣಿಕೆಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಪ್ಲಾನ್‌ನಲ್ಲಿ 5ಜಿ ಅನ್‌ಲಿಮಿಟೆಡ್ ಇದ್ದರೆ ವ್ಯತ್ಯಾಸ ದೊಡ್ಡದಾಗುತ್ತದೆ. 5ಜಿಯಲ್ಲಿ ನೋಡಿದ್ದನ್ನು ಕಂಪನಿ ಎಣಿಸುವುದಿಲ್ಲ, ಮೊಬೈಲ್ ಎಣಿಸುತ್ತದೆ. ಸಿಗ್ನಲ್ 4ಜಿಗೆ ಇಳಿದ ಕಡೆ ಗಂಟಿನಿಂದಲೇ ಹೋಗುತ್ತದೆ. ಹಾಗಾಗಿ ಬಿಲ್ ವಿಷಯಕ್ಕೆ ಕಂಪನಿ ಆ್ಯಪ್ ಲೆಕ್ಕವೇ ಅಂತಿಮ. ಐಫೋನ್‌ನಲ್ಲಿ ಇಂತಿಷ್ಟು ಜಿಬಿಗೆ ನಿಲ್ಲಿಸುವ ಸೌಲಭ್ಯ ಇಲ್ಲ, ಒಂದೊಂದೇ ಆ್ಯಪ್‌ಗೆ ಮೊಬೈಲ್ ಡೇಟಾ ಬಂದ್ ಮಾಡಬೇಕಾಗುತ್ತದೆ.

ಈ ತಿಂಗಳು ಎಷ್ಟು ಉಳಿಯಿತು?

ಉಳಿದ ಮೂವರು ದಿನಕ್ಕೆ ಸುಮಾರು 1.6 ಜಿಬಿ ಬಳಸುತ್ತಾರೆ, 12 ದಿನಕ್ಕೆ 19 ಜಿಬಿ. ಮಗನ 6 ಸೇರಿ 25. ಕೈಯಲ್ಲಿ ಇರುವುದು 9, ಆದ್ದರಿಂದ 16 ಜಿಬಿ ಹೆಚ್ಚುವರಿ ಆಗೇ ಆಗುತ್ತದೆ. ಅದಕ್ಕೆ ಜಿಎಸ್‌ಟಿ ಸೇರಿ 189 ರೂಪಾಯಿ. 531ರ ಬದಲು 189. ಮಗನ ಡೇಟಾ ಪೂರ್ತಿ ಬಂದ್ ಮಾಡಿದರೂ ಸುಮಾರು 118 ರೂಪಾಯಿ ಬರುತ್ತಿತ್ತು. ಅಂದರೆ ಪೂರ್ತಿ ಬಂದ್ ಮಾಡುವುದರಿಂದ ಉಳಿಯುವುದು ಇನ್ನು 71 ರೂಪಾಯಿ ಮಾತ್ರ.

ಮುಂದಿನ ತಿಂಗಳೂ ಅದೇ ಕಥೆಯಾದರೆ

ಮುಂದಿನ ತಿಂಗಳಿಗೆ ಅಪ್ಪ 12, ಚಿಕ್ಕಪ್ಪ 20, ಅಜ್ಜಿ 14, ಮಗ 40 ಎಂದು ಹಂಚಿದರೆ 4 ಜಿಬಿ ಎಲ್ಲರಿಗೂ ಮೀಸಲು ಉಳಿಯುತ್ತದೆ. ಮಗನಿಗೆ ಆನ್‌ಲೈನ್ ಕ್ಲಾಸ್‌ಗೆ ನಿಜವಾಗಿಯೂ ಹೆಚ್ಚು ಬೇಕಿದ್ದರೆ ಮಿತಿ ಹಾಕಿ ಜಗಳ ಆಡುವುದಕ್ಕಿಂತ ಅವನನ್ನು ಪ್ಲಾನ್‌ನಿಂದ ಹೊರಗಿಟ್ಟು, ದಿನಕ್ಕೆ ಇಷ್ಟು ಜಿಬಿ ಕೊಡುವ ಪ್ರೀಪೇಯ್ಡ್ ಹಾಕಿಸುವುದು ಸುಲಭ. ಅಲ್ಲಿ ಅವತ್ತಿನ ಪಾಲು ಮುಗಿದರೆ ತೊಂದರೆ ಅವನೊಬ್ಬನಿಗೇ, ಅದೂ ಮರುದಿನದವರೆಗೆ ಮಾತ್ರ.

ಆದರೆ ಆ್ಯಪ್‌ನಿಂದ ಹೆಸರು ತೆಗೆದ ಮಾತ್ರಕ್ಕೆ ಆ ನಂಬರ್ ಪ್ರೀಪೇಯ್ಡ್ ಆಗಿಬಿಡುವುದಿಲ್ಲ. ಬೇರೆ ಪೋಸ್ಟ್‌ಪೇಯ್ಡ್ ಆಗಿ ಉಳಿದು ಪ್ರತ್ಯೇಕ ಬಾಡಿಗೆ ಬರಬಹುದು. ಬಾಕಿ ಬಿಲ್ ಕಟ್ಟಿ, ಪ್ರೀಪೇಯ್ಡ್‌ಗೆ ಬದಲಿಸುವ ಅರ್ಜಿ ಕೊಟ್ಟು, ಬದಲಾಗಿದೆ ಎಂಬ ಮೆಸೇಜ್ ಬಂದ ಮೇಲೆಯೇ ರೀಚಾರ್ಜ್ ಮಾಡಿಸಿ. ಬಿಲ್ ದಿನಾಂಕಕ್ಕೆ ನಾಲ್ಕೈದು ದಿನ ಮೊದಲೇ ಈ ಕೆಲಸ ಶುರು ಮಾಡಿದರೆ ಹೊಸ ತಿಂಗಳ ಬಾಡಿಗೆ ಬೀಳುವುದು ತಪ್ಪುತ್ತದೆ.