ದೊಡ್ಡಪ್ಪನ ಜಾವಾ, ಹಸಿರು ಟ್ಯಾಂಕು ಮತ್ತು ಹಳದಿ ಸೀರೆ

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಜಾವಾ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಬೈಕುಗಳು ತಯಾರಾಗುತ್ತಿದ್ದವಲ್ಲ, ಅಲ್ಲಿಯದೇ. ಬಂದಾಗ ಮರೂನ್ ಬಣ್ಣ. ಆಮೇಲೆ ಯಾರೋ ಪೇಂಟರ್ ಮಾತು ಕೇಳಿ ಅದಕ್ಕೆ ಗಿಳಿಹಸಿರು ಹೊಡೆಸಿದರು. ದುರದೃಷ್ಟಕ್ಕೆ ಉಳಿದಿರುವ ಒಂದೇ ಕಲರ್ ಫೋಟೋ ಆ ಹಸಿರು ಅವತಾರದ್ದು. ದೊಡ್ಡಪ್ಪ ಈಗಿಲ್ಲ. "ಮದುವೆಯಾದ ಹೊಸದರಲ್ಲಿ ಇದ್ದ ಬಣ್ಣ ಮಾಡ್ಕೊಡೋಕಾಗುತ್ತೇನೋ?" ಅಂತ ದೊಡ್ಡಮ್ಮ ಕೇಳಿದರು. ಅದೇನು ಮಹಾ ಅಂದುಕೊಂಡು ಒಪ್ಪಿಕೊಂಡೆ.

ಫೋಟೋ ಸ್ಕ್ಯಾನ್ ಮಾಡಿ, ಗಿಂಪ್‌ನಲ್ಲಿ ಟ್ಯಾಂಕು, ಮಡ್‌ಗಾರ್ಡುಗಳ ಸುತ್ತ ಮಾಸ್ಕ್ ಹಾಕಿ, ಹ್ಯೂ ಸ್ಲೈಡರನ್ನು -120ಕ್ಕೆ ಎಳೆದೆ. ಹಸಿರು ಕೆಂಪಾಯಿತು. ಎರಡೇ ನಿಮಿಷದ ಕೆಲಸ! ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, "ಬಣ್ಣ ಸರಿ ಕಣೋ, ಆದ್ರೆ ನಾನು ಉಟ್ಟಿರೋದು ಹಳದಿ ಸೀರೆ, ಟ್ಯಾಂಕಿನೊಳಗೆ ಮಾತ್ರ ಯಾಕೆ ಗುಲಾಬಿ ಕಾಣ್ತದೆ?" ಅಂದರು. ಬೈಕಿನ ಪಕ್ಕದಲ್ಲೇ ನಿಂತಿದ್ದ ಅವರ ಸೀರೆಯ ಪ್ರತಿಬಿಂಬ ಟ್ಯಾಂಕಿನ ಮೇಲೆ ಬಿದ್ದಿತ್ತು. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ತಪ್ಪು ಎಲ್ಲಿ ಅಂತ ಹುಡುಕುತ್ತಾ ಸ್ವಲ್ಪ ಇತಿಹಾಸಕ್ಕೆ ಇಳಿದೆ. ಬಣ್ಣಗಳನ್ನು ಚಕ್ರದಂತೆ ಜೋಡಿಸಿ ತಿರುಗಿಸುವ ಎಚ್‌ಎಸ್‌ವಿ ವಿಧಾನವನ್ನು ಆಲ್ವಿ ರೇ ಸ್ಮಿತ್ 1978ರಲ್ಲಿ ಪ್ರಕಟಿಸಿದರು. ಚಿತ್ರ ಬರೆಯುವವರಿಗೆ ಬಣ್ಣ ಆರಿಸಲು ಸುಲಭವಾಗಲಿ ಅನ್ನುವುದು ಅದರ ಉದ್ದೇಶ. ನಮ್ಮ ಸ್ಲೈಡರುಗಳು ಆ ಬಗೆಯ ಚಕ್ರದ ಮಕ್ಕಳೇ. ಆದರೆ ಚಕ್ರಕ್ಕೆ ಪೇಂಟು ಯಾವುದು, ಪ್ರತಿಬಿಂಬ ಯಾವುದು ಗೊತ್ತಿಲ್ಲ. 120 ಡಿಗ್ರಿಯ ಹಸಿರನ್ನು ಸೊನ್ನೆಗೆ ತಂದರೆ, 60ರ ಹಳದಿಯೂ ಅಷ್ಟೇ ತಿರುಗಿ ಗುಲಾಬಿ-ನೇರಳೆಗೆ ಹೋಗಿ ಕೂರುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಚಿತ್ರಕಾರರಿಂದಲ್ಲ, ಯಂತ್ರಗಳಿಗೆ ನೋಡಲು ಕಲಿಸುತ್ತಿದ್ದವರಿಂದ. ಸ್ಟೀವನ್ ಶೇಫರ್ 1985ರ ಲೇಖನದಲ್ಲಿ ಹೇಳಿದ್ದು ಇಷ್ಟು: ಹೊಳೆಯುವ ಪೇಂಟಿನಿಂದ ನಮ್ಮ ಕಣ್ಣಿಗೆ ಎರಡು ಬೆಳಕು ಬರುತ್ತವೆ. ಒಂದು, ಪೇಂಟಿನ ಒಳಗೆ ಹೋಗಿ ಬಣ್ಣದ ಕಣಗಳಿಗೆ ಬಡಿದು ಬಣ್ಣ ಹಚ್ಚಿಕೊಂಡು ವಾಪಸ್ ಬರುವುದು. ಇನ್ನೊಂದು, ಮೇಲ್ಪದರದಲ್ಲೇ ಕನ್ನಡಿಯಂತೆ ಪುಟಿಯುವುದು, ಇದಕ್ಕೆ ಪೇಂಟಿನ ಬಣ್ಣ ಅಂಟುವುದೇ ಇಲ್ಲ. ಕಾಣುವ ಬಣ್ಣ ಇವೆರಡರ ಮೊತ್ತ. 1988ರಲ್ಲಿ ಕ್ಲಿಂಕರ್, ಶೇಫರ್, ಕನಾಡೆ ಈ ಮೂವರು ಪ್ಲಾಸ್ಟಿಕ್ ಲೋಟಗಳ ಫೋಟೋಗಳಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಅಂದರೆ ನಾನು ಬದಲಿಸಬೇಕಾದದ್ದು ಮೊದಲನೆಯದನ್ನು ಮಾತ್ರ.

ಫೋಟೋದ ಕೆಂಪು ಚಾನೆಲ್ ಒಂದನ್ನೇ ತೆರೆದು ನೋಡಿದೆ. ಹಸಿರು ಪೇಂಟು ಕೆಂಪು ಬೆಳಕನ್ನು ನುಂಗುವುದರಿಂದ ಟ್ಯಾಂಕು ಕರಿಗನ್ನಡಿಯಂತೆ ಕಂಡಿತು, ಅದರೊಳಗೆ ಮೋಡವೂ ಸೀರೆಯೂ ಸ್ಪಷ್ಟ. ಪ್ರತಿಬಿಂಬ ಅಲ್ಲೇ ಬೇರೆಯಾಗಿ ಕೂತಿತ್ತು! ಆಗ ಸ್ಲೈಡರ್ ಬಿಟ್ಟು ಚಾನೆಲ್ ಮಿಕ್ಸರ್‌ನಲ್ಲಿ ಹೀಗೆ ಕೊಟ್ಟೆ:

```
Red   = 40% R + 60% G
Green = 100% R
Blue  = 100% B
```

ಟ್ಯಾಂಕಿನ ಒಂದು ಹಸಿರು ಚುಕ್ಕಿ 20, 110, 40 ಇತ್ತು. ಅದು 74, 20, 40 ಆಯಿತು, ಅಪ್ಪಟ ಮರೂನ್. ಮೋಡದ ಬಿಳಿ ಪ್ರತಿಬಿಂಬದಲ್ಲಿ ಮೂರೂ ಅಂಕಿ ಸಮ, ಹಾಗಾಗಿ ಎಷ್ಟು ಬೆರೆಸಿದರೂ ಬಿಳಿಯೇ. ಹಳದಿಯಲ್ಲಿ ಕೆಂಪು-ಹಸಿರು ಹೆಚ್ಚುಕಡಿಮೆ ಸಮ, ಸೀರೆ ಹಳದಿಯಾಗಿಯೇ ಉಳಿಯಿತು.

ಇದು ಎಲ್ಲ ಕಡೆ ನಡೆಯುವ ಮಂತ್ರವಲ್ಲ. ಸೀರೆಯ ಕೆಂಪು ಅಂಚು ಟ್ಯಾಂಕಿನೊಳಗೆ ಹಸಿರಾಗಿಬಿಟ್ಟಿತು. ಆ ಎಳೆಯನ್ನು ಕೈಯಲ್ಲೇ ತಿದ್ದಬೇಕಾಯಿತು. ನೀಲಿ ಆಕಾಶ ಇದ್ದಿದ್ದರೆ ಅದೂ ನೇರಳೆಗೆ ತಿರುಗುತ್ತಿತ್ತು, ಅವತ್ತು ಮೋಡ ಕವಿದಿತ್ತು, ಬಚಾವ್ :-) ಮಾಸ್ಕಿನ ಅಂಚಿನಲ್ಲಿ ಕೂದಲೆಳೆಯಷ್ಟು ಹಸಿರು ಗೆರೆ ಉಳಿದಿತ್ತು. ಮಾಸ್ಕನ್ನು ಒಂದು ಪಿಕ್ಸೆಲ್ ಹಿಗ್ಗಿಸಿ, ಅಂಚನ್ನು ಸ್ವಲ್ಪ ಮೃದು ಮಾಡಿದ ಮೇಲೆ ಹೋಯಿತು. ಚುಕ್ಕಿಗಳ ಬಣ್ಣ ಬದಲಾಗಿದೆಯೇ ಹೊರತು ಯಾವುದೂ ಜಾಗ ಬಿಟ್ಟು ಕದಲಿಲ್ಲವಾದ್ದರಿಂದ ಟ್ಯಾಂಕಿನ ಆಕಾರಕ್ಕೂ, ಅದರ ಮೇಲಿನ ಹಳೇ ನೆಗ್ಗಿಗೂ ಏನೂ ಆಗಿಲ್ಲ.

ಇಷ್ಟೆಲ್ಲ ಮಾಡಿ ಮತ್ತೆ ತೋರಿಸಿದರೆ ದೊಡ್ಡಮ್ಮ ಬೆರಳಿಟ್ಟದ್ದು ಎಂಜಿನ್ ಮೇಲೆ. "ಇಲ್ಲಿ ಇನ್ನೂ ಹಸಿರೈತಲ್ಲೋ." ನಿಜ! ಟ್ಯಾಂಕಿನ ಕೆಳಗಿರುವ ಆ ಮೊಟ್ಟೆಯಾಕಾರದ ಅಲ್ಯೂಮಿನಿಯಂ ಕವಚ ಪೇಂಟಲ್ಲ, ಆದರೆ ಅದರಲ್ಲಿ ಕಾಣುವುದು ಟ್ಯಾಂಕಿನದೇ ನೆರಳು. ಅಲ್ಲಿಗೂ ಸಣ್ಣ ಮಾಸ್ಕ್ ಹಾಕಿ ಅದೇ ಅಂಕಿಗಳನ್ನು ಕೊಟ್ಟೆ. ಆಮೇಲೆ ಅವರೇನೂ ಹೇಳಲಿಲ್ಲ, ತುಂಬಾ ಹೊತ್ತು ನೋಡಿದರು. ಪ್ರಿಂಟು ಕಟ್ಟು ಹಾಕಿಸುವಾಗ ಮಾತ್ರ, ಹಸಿರು ಫೋಟೋನ ಅದರ ಹಿಂದೆಯೇ ಇಡು, ಬಿಸಾಡಬೇಡ ಅಂದರು.