ಕೈಯಲ್ಲಿ ನೋಟ್ಸ್ ಬರೆದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ? ತರಗತಿಯ ಸಂಶೋಧನೆಯನ್ನು ಕಾರ್ಡ್‌ಗಳಲ್ಲಿ ಕೆಡಿಸದೆ ಹೇಳುವುದು ಹೇಗೆ

‘ಲ್ಯಾಪ್‌ಟಾಪ್ ಬಿಡಿ, ಪೆನ್ನು ಹಿಡಿಯಿರಿ. ಕೈಯಲ್ಲಿ ಬರೆದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ!’ ಇಂಥ ಒಂದು ಸಂದೇಶ ನಿಮ್ಮ ಶಾಲಾ ಗ್ರೂಪಿಗೋ ಮನೆಯವರ ಗ್ರೂಪಿಗೋ ಒಮ್ಮೆಯಾದರೂ ಬಂದಿರುತ್ತದೆ. ಇದು ಪೂರ್ತಿ ಕಟ್ಟುಕಥೆಯಲ್ಲ. ಇದರ ಹಿಂದೆ ನಿಜವಾದ ಒಂದು ಅಧ್ಯಯನ ಇದೆ. ಆದರೆ ಅಧ್ಯಯನ ಹೇಳಿದ್ದು ಒಂದು, ಸಂದೇಶ ಹೇಳುತ್ತಿರುವುದು ಇನ್ನೊಂದು.

ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾ ನೋಡುವ ಚಿತ್ರಗಳ ಸರಣಿಗೆ ಕೆರೋಸಲ್ ಎನ್ನುತ್ತಾರೆ. ಇದೇ ಅಧ್ಯಯನದ ಬಗ್ಗೆ ಐದು ಕಾರ್ಡ್‌ಗಳ ಕೆರೋಸಲ್ ಮಾಡಲು ಕೂತಾಗ, ತಪ್ಪು ಎಲ್ಲೆಲ್ಲಿ ನುಸುಳುತ್ತದೆ ಎಂಬುದು ನನಗೆ ಒಂದೊಂದಾಗಿ ಗೊತ್ತಾಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಧ್ಯಯನದಲ್ಲಿ ನಡೆದದ್ದೇನು?

ಪಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಎಂಬ ಇಬ್ಬರು ಸಂಶೋಧಕರು 2014ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ‘ಕೀಬೋರ್ಡಿಗಿಂತ ಪೆನ್ನೇ ಬಲಶಾಲಿ’ ಎಂಬುದು ಅದರ ಶೀರ್ಷಿಕೆಯ ಅರ್ಥ. ಅದರಲ್ಲಿ ಮೂರು ಪ್ರಯೋಗಗಳಿದ್ದವು.

ಮೊದಲ ಪ್ರಯೋಗದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 67 ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅವರಿಗೆ ಟೆಡ್ ಭಾಷಣದ ವಿಡಿಯೊ ತೋರಿಸಲಾಯಿತು. ಕೆಲವರು ಪುಸ್ತಕದಲ್ಲಿ, ಉಳಿದವರು ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿಕೊಂಡರು. ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇರಲಿಲ್ಲ. ಸುಮಾರು ಅರ್ಧ ಗಂಟೆ ಬೇರೆ ಕೆಲಸ ಕೊಟ್ಟು, ಆಮೇಲೆ ಎರಡು ಬಗೆಯ ಪ್ರಶ್ನೆಗಳನ್ನು ಕೇಳಿದರು. ಸಿಂಧೂ ನಾಗರಿಕತೆ ಎಷ್ಟು ವರ್ಷಗಳ ಹಿಂದಿನದು ಎಂಬಂಥ ಮಾಹಿತಿ ಪ್ರಶ್ನೆಗಳು ಒಂದು ಬಗೆ. ಸಮಾನತೆಯ ವಿಷಯದಲ್ಲಿ ಜಪಾನ್ ಮತ್ತು ಸ್ವೀಡನ್ ಹಿಡಿದ ದಾರಿಗಳು ಹೇಗೆ ಬೇರೆ ಎಂಬಂಥ, ವಿಷಯ ಅರ್ಥವಾಗಿದ್ದರೆ ಮಾತ್ರ ಉತ್ತರಿಸಬಹುದಾದ ಪ್ರಶ್ನೆಗಳು ಇನ್ನೊಂದು ಬಗೆ.

ಮಾಹಿತಿ ಪ್ರಶ್ನೆಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅರ್ಥ ಕೇಳುವ ಪ್ರಶ್ನೆಗಳಲ್ಲಿ ಮಾತ್ರ ಕೈಯಲ್ಲಿ ಬರೆದವರು ಸ್ವಲ್ಪ ಮುಂದಿದ್ದರು.

ಈಗ ಫಾರ್ವರ್ಡ್ ಸಂದೇಶವನ್ನು ಮತ್ತೆ ಓದಿ. ‘ನೆನಪಿನ ಶಕ್ತಿ ಹೆಚ್ಚುತ್ತದೆ’ ಎಂದಿದೆ. ನಾವು ಸಾಮಾನ್ಯವಾಗಿ ನೆನಪು ಎನ್ನುವುದು ಇಸವಿ, ಹೆಸರು, ಸಂಖ್ಯೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕೆ. ಆ ಪ್ರಯೋಗದಲ್ಲಿ ವ್ಯತ್ಯಾಸ ಕಾಣದಿದ್ದದ್ದು ಅದರಲ್ಲೇ!

ಕಾರಣ ಏನೆಂದು ಹೇಳಿದರು?

ಲ್ಯಾಪ್‌ಟಾಪ್ ಬಳಸಿದವರು ಸರಾಸರಿ ಸುಮಾರು 310 ಪದ ಬರೆದಿದ್ದರು, ಕೈಯಲ್ಲಿ ಬರೆದವರು ಸುಮಾರು 173. ಟೈಪ್ ಮಾಡುವವರ ಕೈ ವೇಗವಾಗಿ ಓಡುವುದರಿಂದ ಭಾಷಣಕಾರರ ಮಾತನ್ನೇ ಹೆಚ್ಚು ಯಥಾವತ್ತಾಗಿ ಇಳಿಸಿಕೊಂಡಿದ್ದರು. ಪೆನ್ನಿನ ವೇಗ ಕಡಿಮೆ. ಎಲ್ಲವನ್ನೂ ಬರೆಯಲು ಆಗುವುದಿಲ್ಲ. ಹಾಗಾಗಿ ಕೇಳಿ, ಮುಖ್ಯವಾದದ್ದನ್ನು ಆರಿಸಿ, ತಮ್ಮ ಮಾತಿನಲ್ಲಿ ಚಿಕ್ಕದಾಗಿ ಬರೆಯಬೇಕಾಗುತ್ತದೆ. ಅರ್ಥ ಮಾಡಿಕೊಳ್ಳಲು ನೆರವಾಗುವುದು ಆ ಆಯ್ಕೆಯ ಕೆಲಸ ಎಂಬುದು ಸಂಶೋಧಕರ ವಿವರಣೆ. ಅಂದರೆ ಪೆನ್ನಿನಲ್ಲೇ ಏನೋ ಶಕ್ತಿ ಇದೆ ಎಂದು ಅವರು ಹೇಳಿರಲಿಲ್ಲ.

ಮತ್ತೆ ಮಾಡಿ ನೋಡಿದಾಗ?

ಒಂದು ಪ್ರಯೋಗದ ಫಲಿತಾಂಶವನ್ನು ನಂಬುವ ಮುನ್ನ ಬೇರೆಯವರು ಅದನ್ನು ಮತ್ತೆ ಮಾಡಿ ನೋಡುತ್ತಾರೆ. ಹೆದರ್ ಉರ್ರಿ ಮತ್ತು ಸಂಗಡಿಗರು ಮೊದಲ ಪ್ರಯೋಗವನ್ನೇ 142 ವಿದ್ಯಾರ್ಥಿಗಳೊಂದಿಗೆ ಮತ್ತೆ ಮಾಡಿದರು. ಅದು 2021ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾಪ್‌ಟಾಪಿನವರು ಹೆಚ್ಚು ಪದ ಬರೆದದ್ದೂ, ಯಥಾವತ್ತಾಗಿ ಇಳಿಸಿಕೊಂಡದ್ದೂ ಇಲ್ಲಿಯೂ ಕಂಡಿತು. ಆದರೆ ಪ್ರಶ್ನೆಗಳಿಗೆ ಉತ್ತರ ಕೊಡುವಾಗ ಕೈಯಲ್ಲಿ ಬರೆದವರು ಮುಂದೆ ಬರಲಿಲ್ಲ. ಇಂಥದೇ ಎಂಟು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗಲೂ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ಇದರಿಂದ 2014ರ ಪ್ರಬಂಧ ಸುಳ್ಳು ಎಂದಾಗುವುದಿಲ್ಲ. ಅದರ ಮೂರನೇ ಪ್ರಯೋಗದಲ್ಲಿ ಒಂದು ವಾರದ ನಂತರ ಪರೀಕ್ಷೆ ಇತ್ತು. ಅದಕ್ಕೆ ಮುಂಚೆ ನೋಟ್ಸ್ ಓದಿಕೊಳ್ಳಲು ಅವಕಾಶ ಸಿಕ್ಕವರಲ್ಲಿ, ಕೈಯಲ್ಲಿ ಬರೆದವರು ಚೆನ್ನಾಗಿ ಮಾಡಿದ್ದರು. 2021ರಲ್ಲಿ ಮರುಪರೀಕ್ಷೆಗೆ ಒಳಪಟ್ಟದ್ದು ಮೊದಲನೆಯ ಪ್ರಯೋಗ. ಹಾಗಾಗಿ ‘ಸಾಬೀತಾಗಿದೆ’ ಎಂಬುದೂ ತಪ್ಪು, ‘ಸುಳ್ಳೆಂದು ಗೊತ್ತಾಗಿದೆ’ ಎಂಬುದೂ ತಪ್ಪು.

‘ಸ್ವಲ್ಪ ಮುಂದೆ’ ಎಂದರೆ ಎಷ್ಟು?

ಪ್ರಬಂಧದಲ್ಲಿ ವ್ಯತ್ಯಾಸವನ್ನು ಅಂಕಿಅಂಶ ಶಾಸ್ತ್ರದ ಅಳತೆಯಲ್ಲಿ ಕೊಟ್ಟಿದ್ದಾರೆ. ಅದನ್ನು ಹಾಗೇ ಕಾರ್ಡಿಗೆ ಹಾಕಿದರೆ ಯಾರಿಗೂ ಅರ್ಥವಾಗದು. ಎರಡು ಕಂಬಗಳ ಚಿತ್ರ ಬರೆದರೆ ಇನ್ನೊಂದು ತೊಂದರೆ. ಕಂಬದ ಬುಡವನ್ನು ಸೊನ್ನೆಯಿಂದ ಶುರು ಮಾಡದಿದ್ದರೆ ಸಣ್ಣ ಅಂತರವೂ ಬೆಟ್ಟದಷ್ಟು ಕಾಣುತ್ತದೆ.

ನಾನು ಬಳಸಿದ್ದು ಜೋಡಿಗಳ ಲೆಕ್ಕ. ಕೈಯಲ್ಲಿ ಬರೆದ ಒಬ್ಬರನ್ನೂ ಲ್ಯಾಪ್‌ಟಾಪ್ ಬಳಸಿದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿ ಜೋಡಿ ಮಾಡಿ. ಹೀಗೆ 100 ಜೋಡಿ ಮಾಡಿದರೆ, ಮೊದಲ ಪ್ರಯೋಗದ ಅಂತರದ ಪ್ರಕಾರ ಅರ್ಥದ ಪ್ರಶ್ನೆಗಳಲ್ಲಿ ಸರಿಸುಮಾರು 60 ಜೋಡಿಗಳಲ್ಲಿ ಕೈಬರಹದವರು ಮುಂದೆ, 40ರಲ್ಲಿ ಲ್ಯಾಪ್‌ಟಾಪಿನವರು ಮುಂದೆ. ಏನೂ ವ್ಯತ್ಯಾಸವೇ ಇಲ್ಲದಿದ್ದರೆ 50–50 ಬರುತ್ತಿತ್ತು. ಓದುಗರಿಗೆ ಅಂತರದ ನಿಜವಾದ ಗಾತ್ರ ಈಗ ಕಾಣುತ್ತದೆ.

ಒಂದೇ ಕಾರ್ಡ್ ಹೊರಟುಹೋದರೆ?

ಕೆರೋಸಲ್ ಮಾಡುವವರು ಮರೆಯುವ ವಿಷಯ ಇದು. ಇನ್‌ಸ್ಟಾಗ್ರಾಮಿನಲ್ಲಿ ಐದೂ ಕಾರ್ಡ್ ಒಟ್ಟಿಗಿರುತ್ತವೆ. ಅಲ್ಲಿಂದ ವಾಟ್ಸಾಪಿಗೆ ಬರುವಷ್ಟರಲ್ಲಿ ಯಾರೋ ಒಂದು ಕಾರ್ಡಿನ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ನಮ್ಮ ಮಾರನಹಳ್ಳಿಯಂಥ ಘಾಟಿ ಊರಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಮೊದಲ ಚಿತ್ರ ತೆರೆದುಕೊಂಡು ಉಳಿದವು ಸುತ್ತುತ್ತಲೇ ಇರುತ್ತವೆ. ಆದ್ದರಿಂದ ‘ಮೊದಲ ಕಾರ್ಡಿನಲ್ಲಿ ಗಮನ ಸೆಳೆಯೋಣ, ಐದನೆಯದರಲ್ಲಿ ಎಚ್ಚರಿಕೆ ಹೇಳೋಣ’ ಎಂಬ ಲೆಕ್ಕ ನಡೆಯುವುದಿಲ್ಲ. ಪ್ರತಿ ಕಾರ್ಡೂ ಒಂಟಿಯಾಗಿ ಹೋದರೂ ಸುಳ್ಳಾಗಬಾರದು.

ನನ್ನ ಮೊದಲ ಕರಡಿನಲ್ಲಿ 2014ರ ಫಲಿತಾಂಶ ಎರಡನೇ ಕಾರ್ಡಿನಲ್ಲಿತ್ತು, 2021ರದ್ದು ನಾಲ್ಕನೆಯದರಲ್ಲಿ. ಎರಡನೆಯದು ಒಂದೇ ಹೊರಟರೆ ಮತ್ತೆ ಹಳೆಯ ಫಾರ್ವರ್ಡೇ! ಕೊನೆಗೆ ಎರಡನ್ನೂ ಒಂದೇ ಕಾರ್ಡಿಗೆ ತಂದೆ. ಐದು ಕಾರ್ಡ್‌ಗಳು ಹೀಗಾದವು:

1. ಕೈಯಲ್ಲಿ ನೋಟ್ಸ್ ಬರೆದರೆ ಹೆಚ್ಚು ಅರ್ಥವಾಗುತ್ತದೆಯೇ? ಒಂದು ಅಧ್ಯಯನ ಹೌದು ಎಂದಿತು, ಮತ್ತೆ ಮಾಡಿದಾಗ ಹಾಗೆ ಕಾಣಲಿಲ್ಲ.
2. 2014: ಅಮೆರಿಕದ 67 ಕಾಲೇಜು ವಿದ್ಯಾರ್ಥಿಗಳು. ಅರ್ಥದ ಪ್ರಶ್ನೆಗಳಲ್ಲಿ ಕೈಬರಹದವರು ಸ್ವಲ್ಪ ಮುಂದೆ. 2021: 142 ವಿದ್ಯಾರ್ಥಿಗಳು, ಅದೇ ಪ್ರಯೋಗ. ಮುಂದೆ ಇರಲಿಲ್ಲ.
3. ‘ಸ್ವಲ್ಪ’ ಎಂದರೆ? 2014ರ ಮೊದಲ ಪ್ರಯೋಗದಲ್ಲಿ 100 ಜೋಡಿಗೆ ಸುಮಾರು 60–40. 2021ರಲ್ಲಿ ಈ ಅಂತರ ಮತ್ತೆ ಸಿಗಲಿಲ್ಲ.
4. ಎರಡೂ ಬಾರಿ ಕಂಡದ್ದು: ಲ್ಯಾಪ್‌ಟಾಪಿನಲ್ಲಿ ಬರೆಯುವವರು ಕೇಳಿದ್ದನ್ನು ಹೆಚ್ಚು ಯಥಾವತ್ತಾಗಿ ಇಳಿಸಿಕೊಳ್ಳುತ್ತಾರೆ. ಇದರಿಂದ ಅಂಕ ಕಡಿಮೆಯಾಗುತ್ತದೆಯೇ ಎಂಬುದು ಖಚಿತವಾಗಿಲ್ಲ.
5. ಮಕ್ಕಳ ಕೈಬರಹ, ಮೊಬೈಲ್ ಚಟ, ನೆನಪಿನ ಶಕ್ತಿ: ಈ ಪ್ರಯೋಗ ಪರೀಕ್ಷಿಸಿದ್ದು ಇವುಗಳನ್ನಲ್ಲ. ಇದರ ಆಧಾರದ ಮೇಲೆ ಮಕ್ಕಳ ಲ್ಯಾಪ್‌ಟಾಪ್ ಕಿತ್ತುಕೊಳ್ಳಬೇಡಿ.

ಪ್ರತಿ ಕಾರ್ಡಿನ ಕೆಳಗೆ ಸಂಶೋಧಕರ ಹೆಸರು, ಪತ್ರಿಕೆ ಮತ್ತು ವರ್ಷ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಆ ಸಾಲೂ ದೊಡ್ಡ ಅಕ್ಷರದಲ್ಲೇ ಇರಬೇಕು. ವಾಕ್ಯಗಳ ಕ್ರಿಯಾಪದ ಗಮನಿಸಿ: ‘ಮುಂದೆ ಇರುತ್ತಾರೆ’ ಎಂದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ಮಾತು. ‘ಮುಂದಿದ್ದರು’ ಎಂದರೆ ಆ ದಿನ ಆ ಗುಂಪಿನಲ್ಲಿ ನಡೆದದ್ದು. ಎರಡು ಬಾರಿಯೂ ಕಂಡ ನಾಲ್ಕನೇ ಕಾರ್ಡಿನ ಸಂಗತಿಗೆ ಮಾತ್ರ ನಾನು ‘ಇಳಿಸಿಕೊಳ್ಳುತ್ತಾರೆ’ ಎಂದು ಬಳಸಿದೆ.

ನಮ್ಮ ತರಗತಿಗೆ ಇದು ಹೊಂದುತ್ತದೆಯೇ?

ಇಲ್ಲಿ ಇನ್ನೊಂದು ತೊಡಕಿದೆ. ಆ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಭಾಷಣ ಕೇಳುತ್ತಾ ತಾವೇ ಆರಿಸಿ ಬರೆದರು. ನಮ್ಮ ಎಷ್ಟೋ ಪ್ರೌಢಶಾಲೆ, ಪಿಯು ತರಗತಿಗಳಲ್ಲಿ ಮೇಷ್ಟ್ರು ನಿಧಾನವಾಗಿ ನೋಟ್ಸ್ ಹೇಳಿ ಬರೆಸುತ್ತಾರೆ, ಇಲ್ಲವೇ ಬೋರ್ಡಿನಲ್ಲಿ ಬರೆದದ್ದನ್ನು ಮಕ್ಕಳು ಇಳಿಸಿಕೊಳ್ಳುತ್ತಾರೆ. ಪೆನ್ನಿನ ವೇಗಕ್ಕೆ ತಕ್ಕಂತೆ ಹೇಳುವಾಗ ಆರಿಸುವ ಕೆಲಸವೇ ಇರುವುದಿಲ್ಲ. ಸಂಶೋಧಕರ ವಿವರಣೆ ಸರಿ ಎಂದೇ ಇಟ್ಟುಕೊಂಡರೂ, ಹೀಗೆ ಕೈಯಲ್ಲಿ ಬರೆದದ್ದು ಲ್ಯಾಪ್‌ಟಾಪಿನಲ್ಲಿ ಯಥಾವತ್ತಾಗಿ ಟೈಪ್ ಮಾಡಿದ್ದಕ್ಕೇ ಹತ್ತಿರ. ‘ಕೈಬರಹ ಒಳ್ಳೆಯದಂತೆ’ ಎಂದು ಈ ಅಧ್ಯಯನ ತೋರಿಸಿ ಡಿಕ್ಟೇಷನ್ ಹೆಚ್ಚಿಸಿದರೆ, ಅಧ್ಯಯನದ ಮಾತಿಗೆ ವಿರುದ್ಧವಾಗಿಯೇ ನಡೆದಂತೆ.

ಕಳಿಸುವ ಮುನ್ನ ಒಂದು ಪರೀಕ್ಷೆ

ಕಾರ್ಡ್ ಸರಿಯಾಗಿದೆಯೇ ಎಂದು ತಿಳಿಯಲು ‘ಹೇಗಿದೆ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಚೆನ್ನಾಗಿದೆ’ ಎನ್ನುತ್ತಾರೆ ಅಷ್ಟೆ. ಕಾರ್ಡ್ ತೋರಿಸಿ, ಫೋನ್ ವಾಪಸ್ ಪಡೆದು, ‘ಏನು ಹೇಳ್ತಿದೆ ಇದು?’ ಎಂದು ಕೇಳಬೇಕು. ನನ್ನ ಮೊದಲ ಕರಡನ್ನು ನೋಡಿದ ದೊಡ್ಡಮ್ಮ, ‘ಹಂಗಾದ್ರೆ ನಮ್ ಹುಡುಗ್ನಿಗೆ ಲ್ಯಾಪ್‌ಟಾಪ್ ಕೊಡ್ಸೋದು ಬ್ಯಾಡ ಅಂತ ತಾನೇ ಕಣಮ್ಮ?’ ಎಂದರು. ತಪ್ಪು ಅವರದಲ್ಲ, ಕಾರ್ಡಿನದು. ಐದನೇ ಕಾರ್ಡಿನ ಕೊನೆಯ ಸಾಲು ಬಂದದ್ದು ಆ ಮಾತಿನಿಂದಲೇ. ಬರೆಯಲು ಕೈ ಬಾರದ, ಕಣ್ಣು ಸರಿಯಾಗಿ ಕಾಣದ ವಿದ್ಯಾರ್ಥಿಗೆ ಲ್ಯಾಪ್‌ಟಾಪೇ ಪುಸ್ತಕ. ಒಂದು ತಪ್ಪು ಕಾರ್ಡಿನಿಂದ ಅದು ಅವರ ಕೈತಪ್ಪಬಾರದು.

ಹಾಗಾದರೆ ‘ಪೆನ್ನು ಹಿಡಿಯಿರಿ’ ಫಾರ್ವರ್ಡ್ ಮತ್ತೆ ಬಂದರೆ ಏನು ಮಾಡಬೇಕು? ಕಳಿಸಿದವರೊಂದಿಗೆ ಜಗಳ ಬೇಡ. ಎರಡನೇ ಕಾರ್ಡಿನ ಎರಡು ವರ್ಷ, ಎರಡು ಸಂಖ್ಯೆಗಳನ್ನು ಅದೇ ಗ್ರೂಪಿನಲ್ಲಿ ಬರೆದು ಹಾಕಿ: 2014ರಲ್ಲಿ 67 ಮಂದಿ, ಸ್ವಲ್ಪ ವ್ಯತ್ಯಾಸ ಇತ್ತು. 2021ರಲ್ಲಿ 142 ಮಂದಿ, ಇರಲಿಲ್ಲ.