ಮಳೆಗಾಲದಲ್ಲಿ ತೋಟದ ಹೋಂಸ್ಟೇ ಖಾತೆಯ ನಿರ್ವಹಣೆ

ಕೊಡಗು ಮತ್ತು ಚಿಕ್ಕಮಗಳೂರಿನ ಅನೇಕ ಕಾಫಿ ತೋಟದ ಹೋಂಸ್ಟೇಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತಿಥಿಗಳಿಲ್ಲದೆ ಇರುತ್ತವೆ. ಈ ಅವಧಿಯಲ್ಲಿ ಸಾಮಾಜಿಕ ಜಾಲತಾಣದ ಖಾತೆಯನ್ನೂ ಸುಮ್ಮನೆ ಬಿಡುವುದು ಸರಿಯಲ್ಲ. ಡಿಸೆಂಬರ್‌ನಲ್ಲಿ ಬರುವ ವಿದೇಶಿ ಪ್ರವಾಸಿಗರು ವಿಮಾನ ಮತ್ತು ರಜೆಯನ್ನು ಹೊಂದಿಸಿಕೊಳ್ಳಲು ಹಲವು ತಿಂಗಳು ಮೊದಲೇ ಸ್ಥಳವನ್ನು ಹುಡುಕುತ್ತಾರೆ. ದೇಶೀಯ ಪ್ರವಾಸಿಗರು ಸಾಮಾನ್ಯವಾಗಿ ಕೆಲವೇ ದಿನ ಮೊದಲು ನಿರ್ಧರಿಸುತ್ತಾರೆ.

ಚಿತ್ರಗಳ ಸಂಗ್ರಹ

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮುಚ್ಚುವ ಒಂದು ಹೋಂಸ್ಟೇಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು 13 ವಾರಗಳ ಅವಧಿ. ವಾರಕ್ಕೆ ಎರಡರಂತೆ 26 ಪೋಸ್ಟ್‌ಗಳು ಬೇಕಾಗುತ್ತವೆ. ಇವುಗಳಲ್ಲಿ 13ನ್ನು ಹಣ್ಣು ಕೊಯ್ಲು, ಕಣದಲ್ಲಿ ಕಾಫಿ ಒಣಗಿಸುವಿಕೆ, ಮೆಣಸು ಕೊಯ್ಲು ಹಾಗೂ ಹೂಮಳೆಯ ನಂತರದ ಕಾಫಿ ಹೂವಿನ ಸಮಯದಲ್ಲಿ ತೆಗೆದಿಟ್ಟುಕೊಳ್ಳಿರಿ. ಮಳೆಗಾಲದಲ್ಲಿ ವಿದ್ಯುತ್ ಮತ್ತು ನೆಟ್‌ವರ್ಕ್ ಕೈಕೊಡುವುದರಿಂದ, ಇವನ್ನು ಮೇ ಅಂತ್ಯದಿಂದಲೇ Meta Business Suite ಮೂಲಕ ದಿನಾಂಕ ನಿಗದಿಪಡಿಸಿ ಇಡಬಹುದು.

ಪ್ರತಿ ಹಳೆಯ ಚಿತ್ರದ ಅಡಿಯಲ್ಲಿ ಅದನ್ನು ತೆಗೆದ ತಿಂಗಳನ್ನು ತಪ್ಪದೆ ಬರೆಯಿರಿ. ಜುಲೈನಲ್ಲಿ ಕಂಡ ಬಿಸಿಲಿನ ಚಿತ್ರವನ್ನು ನಂಬಿ ಬಂದ ಅತಿಥಿಗೆ ಜಿಗಣೆ ಮತ್ತು ಮಂಜು ಎದುರಾದರೆ, ಆತನ ದೂರು ವಿಮರ್ಶೆಯಲ್ಲಿ ವರ್ಷಗಳ ಕಾಲ ಉಳಿಯುತ್ತದೆ.

ತಾಜಾ ಮಾಹಿತಿ

ಉಳಿದ 13 ಪೋಸ್ಟ್‌ಗಳಿಗೆ ತೋಟದ ಮಳೆಮಾಪಕವೇ ಸಾಕು. ಬೆಳಗಿನ ಅಳತೆಯೊಂದಿಗೆ ಒಂದು ಚಿತ್ರವನ್ನು ಹಾಕಿ, ರಸ್ತೆಯ ಸ್ಥಿತಿಯನ್ನು ತಿಳಿಸಿರಿ. ಬೆಳೆಗಾರರು ಇಂಚಿನಲ್ಲಿ ಅಳೆದರೂ, ವಿದೇಶಿ ಓದುಗರಿಗಾಗಿ ಮಿಲಿಮೀಟರನ್ನೂ ಸೇರಿಸಿರಿ: 3 ಇಂಚು ಎಂದರೆ ಸುಮಾರು 76 ಮಿ.ಮೀ. ಭೂಕುಸಿತದ ಎಚ್ಚರಿಕೆ ಇರುವ ದಿನ ಆಕರ್ಷಕ ಪೋಸ್ಟ್‌ಗಳನ್ನು ತಡೆಹಿಡಿಯಿರಿ. ಮೊದಲೇ ನಿಗದಿಪಡಿಸಿದ ಪೋಸ್ಟ್ ತಾನಾಗಿಯೇ ಪ್ರಕಟವಾಗುತ್ತದೆ ಎಂಬುದನ್ನು ಮರೆಯಬಾರದು.

ಸಮಯ ಮತ್ತು ಭಾಷೆ

ಕನ್ನಡ ಪೋಸ್ಟ್‌ಗಳನ್ನು ರಾತ್ರಿ 8 ಗಂಟೆಗೆ ಪ್ರಕಟಿಸಿರಿ. ಯುರೋಪಿನವರಿಗಾಗಿ ಬರೆದ ಇಂಗ್ಲಿಷ್ ಪೋಸ್ಟ್‌ಗೆ ರಾತ್ರಿ 10.30 ಸೂಕ್ತ, ಬೇಸಿಗೆಯಲ್ಲಿ ಆಗ ಬ್ರಿಟನ್‌ನಲ್ಲಿ ಸಂಜೆ 6, ಜರ್ಮನಿಯಲ್ಲಿ 7 ಗಂಟೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುವುದರಿಂದ, ನಂತರ ಇದನ್ನು 11.30ಕ್ಕೆ ಮುಂದೂಡಿರಿ. ಇಂಗ್ಲಿಷ್ ಪೋಸ್ಟ್‌ನಲ್ಲಿ ಕೊಯ್ಲಿನ ತಿಂಗಳು ಮತ್ತು ಹತ್ತಿರದ ವಿಮಾನ ನಿಲ್ದಾಣದಿಂದ ಪ್ರಯಾಣಕ್ಕೆ ತಗಲುವ ಸಮಯ ಇರಲಿ.

ಮುಚ್ಚಿದ ದಿನಗಳ ಸೂಚನೆ

ಬುಕಿಂಗ್ ತಾಣದಲ್ಲಿ ನಿಮ್ಮ ಪುಟವನ್ನೇ ತೆಗೆದುಹಾಕುವ ಬದಲು, ಕ್ಯಾಲೆಂಡರ್‌ನಲ್ಲಿ ಆ ದಿನಗಳನ್ನು ಮಾತ್ರ ತಡೆಯಿರಿ. ಗೂಗಲ್ ನಕ್ಷೆಯಲ್ಲಿ ‘Temporarily closed’ ಎಂದು ಗುರುತಿಸಿದ್ದರೆ, ತೆರೆಯುವ ದಿನ ಅದನ್ನು ನೀವೇ ಬದಲಾಯಿಸಬೇಕು. “ಈಗ ತೆರೆದಿದೆಯೇ?” ಎಂಬ ಪ್ರಶ್ನೆ ಪದೇ ಪದೇ ಬರುತ್ತಿದ್ದರೆ ನಿಮ್ಮ ಸೂಚನೆ ಕಾಣುತ್ತಿಲ್ಲವೆಂದು ತಿಳಿಯಿರಿ; ಮುಚ್ಚುವ ಮತ್ತು ತೆರೆಯುವ ದಿನಾಂಕಗಳ ಪೋಸ್ಟನ್ನು ಖಾತೆಯ ಮೇಲ್ಭಾಗದಲ್ಲಿ ಪಿನ್ ಮಾಡಿರಿ.